ಹತ್ತು ನಿಮಿಷದ ಬಿಡುವಿಗೆ ಒಂದೇ ಹಾಡು

ಫೆಬ್ರವರಿ–ಮಾರ್ಚ್ ಹತ್ತಿರ ಬಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಸಂಜೆಯ ಮಾತೆಲ್ಲ ಒಂದೇ. ಹತ್ತನೆಯದು, ಇಲ್ಲವೇ ಹನ್ನೆರಡನೆಯದು. ಮಗು ಶಾಲೆ ಮುಗಿಸಿ, ಕ್ಲಾಸಿಗೆ ಹೋಗಿ, ಲೋಕಲ್‌ನಲ್ಲಿ ನಿಂತೇ ಮನೆಗೆ ಬರುತ್ತದೆ. ಓದಲು ಕೂತು ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ತಲೆ ಭಾರ, ಕಣ್ಣು ಉರಿ. “ಹತ್ತು ನಿಮಿಷ ಹಾಡು ಕೇಳ್ತೀನಿ ಅಮ್ಮ” ಅನ್ನುತ್ತದೆ. ಕೇಳಲಿ ಬಿಡಿ. ಆದರೆ ಯಾವ ಹಾಡು, ಎಷ್ಟು ಹೊತ್ತು, ಹೇಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡರೆ ಆ ಹತ್ತು ನಿಮಿಷ ಹತ್ತೇ ಆಗಿ ಉಳಿಯುತ್ತದೆ. ಇಲ್ಲದಿದ್ದರೆ ಅದು ಊಟದ ಹೊತ್ತನ್ನೂ ನಿದ್ದೆಯನ್ನೂ ತಿನ್ನುತ್ತದೆ.

ಮೊದಲು ಒಂದು ಮಾತು. ಹಾಡು ಬಿಡುವಿಗೆ, ಓದಿಗೆ ಬೇಡ. ಪುಸ್ತಕ ಓದುವಾಗ ಮನಸ್ಸು ಒಳಗೊಳಗೇ ಪದಗಳನ್ನು ಉಚ್ಚರಿಸುತ್ತಿರುತ್ತದೆ. ಅದೇ ಹೊತ್ತಿಗೆ ಕಿವಿಯಲ್ಲಿ ಇನ್ನೊಬ್ಬರು ಪದ ಹೇಳುತ್ತಿದ್ದರೆ ಎರಡೂ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಅರ್ಥವಾಗುವ ಭಾಷೆಯ ಹಾಡಾದರೆ ತೊಂದರೆ ಇನ್ನೂ ಹೆಚ್ಚು. “ನನಗೆ ಹಾಡಿದ್ದರೇ ಓದು ಹತ್ತೋದು” ಎನ್ನುವ ಮಕ್ಕಳಿದ್ದಾರೆ. ಒಂದು ಪುಟವನ್ನು ಹಾಡಿನ ಜೊತೆ, ಇನ್ನೊಂದನ್ನು ಹಾಡಿಲ್ಲದೆ ಓದಿಸಿ, ಎರಡರಿಂದಲೂ ಐದೈದು ಪ್ರಶ್ನೆ ಕೇಳಿ ನೋಡಿ. ವಾದ ಅಲ್ಲಿಗೇ ಮುಗಿಯುತ್ತದೆ.

*ಎಂಥ ಹಾಡು?*

ಮೂರರಿಂದ ಐದು ನಿಮಿಷದ್ದು, ಮಗುವಿಗೆ ಆಗಲೇ ಚೆನ್ನಾಗಿ ಗೊತ್ತಿರುವಂಥದ್ದು, ಮತ್ತು ಸ್ಪಷ್ಟವಾಗಿ ಮುಗಿಯುವಂಥದ್ದು. ಹೊಸ ಹಾಡು ಬೇಡ ಏಕೆಂದರೆ ಅದರ ಪದವನ್ನು ಹಿಡಿಯಲು, ಮುಂದೇನು ಬರುತ್ತದೆಂದು ಊಹಿಸಲು ಮನಸ್ಸು ಕೆಲಸ ಮಾಡುತ್ತಲೇ ಇರುತ್ತದೆ. ಗೊತ್ತಿರುವ ಹಾಡಿನಲ್ಲಿ ಆ ದುಡಿಮೆ ಇಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದವರು, ಕನ್ನಡ ಓದಲು ಬರುವುದಿಲ್ಲ. ಆದರೂ ಅಜ್ಜಿ ಹೇಳಿಕೊಟ್ಟ ಜಿ.ಪಿ. ರಾಜರತ್ನಂ ಅವರ ‘ತುತ್ತೂರಿ’ ಬಾಯಿಗೆ ಬರುತ್ತದೆ, ಶುಕ್ರವಾರದ ಪೂಜೆಯಲ್ಲಿ ಕೇಳಿದ ಪುರಂದರದಾಸರ ಪದ ಬರುತ್ತದೆ, ಸಂಘದ ರಾಜ್ಯೋತ್ಸವದಲ್ಲಿ ಹಾಡಿದ ನಿಸಾರ್ ಅಹಮದರ ‘ನಿತ್ಯೋತ್ಸವ’ ಬರುತ್ತದೆ. ಶಾಲೆಯ ಯಾವ ವಿಷಯದ ಜೊತೆಗೂ ಇವು ಅಂಟಿಕೊಂಡಿಲ್ಲ. ಅದಕ್ಕೇ ಬಿಡುವಿಗೆ ಇವು ಚೆನ್ನ.

ಸಂಗೀತ ಕ್ಲಾಸಿಗೆ ಹೋಗುವ ಮಗುವಾದರೆ ಶುರುವಿನಲ್ಲಿ ಕಲಿಸುವ ಮಲಹರಿ ರಾಗದ ಪಿಳ್ಳಾರಿ ಗೀತೆ ಬಹಳ ಅನುಕೂಲ. ಒಮ್ಮೆ ಹಾಡಲು ಎರಡು ನಿಮಿಷವೂ ಬೇಡ. ಕೈಯಲ್ಲಿ ತಾಳ ಹಾಕಿಕೊಂಡು ಎರಡು ಸಲ ಹಾಡಿದರೆ ಬಿಡುವಿನ ಹಾಡು ಮುಗಿಯಿತು, ಫೋನೇ ಬೇಕಿಲ್ಲ.

ಹೊಂದದವು ಯಾವುವು? ಕಥೆಯಿರುವ ಉದ್ದನೆಯ ಹಾಡು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಎಷ್ಟು ಚೆನ್ನಾಗಿದ್ದರೂ ಈ ಕೆಲಸಕ್ಕಲ್ಲ. ಇಲಿಗಳು ಹೊಳೆಗೆ ಬೀಳುವ ಮೊದಲು ನಿಲ್ಲಿಸಲು ಯಾವ ಮಗುವಿಗೂ ಮನಸ್ಸಾಗದು. ಯಕ್ಷಗಾನದ ಪದವೂ ಹಾಗೆಯೇ. ಚೆಂಡೆ ಕೇಳಿದರೆ ಮೈ ಚುರುಕಾಗುವುದೇನೋ ನಿಜ, ಆದರೆ ಅದು ಇಡೀ ರಾತ್ರಿಯ ಪ್ರಸಂಗದ ಒಂದು ತುಂಡು. ಮುಂದಿನ ಪದ ಕರೆಯುತ್ತಲೇ ಇರುತ್ತದೆ. ಭಾನುವಾರಕ್ಕೆ ಇಟ್ಟುಕೊಳ್ಳಿ.

*ನಿಂತು, ಬಾಯಿಬಿಟ್ಟು ಹಾಡಿಸಿ*

ಸುಮ್ಮನೆ ಕೇಳುವುದಕ್ಕಿಂತ ಜೊತೆಗೆ ಹಾಡುವುದರಲ್ಲಿ ಲಾಭ ಹೆಚ್ಚು. ಕಾರಣ ಉಸಿರು. ಪುಸ್ತಕದ ಮೇಲೆ ಬಗ್ಗಿ ಕೂತಾಗ ಎದೆ ಒತ್ತಿಕೊಂಡು ಉಸಿರು ಮೇಲುಮೇಲಕ್ಕೆ ಸಣ್ಣದಾಗುತ್ತದೆ. ಹಾಡುವಾಗ ಬೇಗ ಉಸಿರು ತುಂಬಿಕೊಂಡು, ಒಂದು ಸಾಲು ಮುಗಿಯುವ ತನಕ ನಿಧಾನವಾಗಿ ಬಿಡಬೇಕು. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುವುದು ದೇಹದ ಸಹಜ ಗುಣ. ಬಿಡುವ ಹೊತ್ತು ಉದ್ದವಾದಷ್ಟೂ ದುಗುಡ ಇಳಿಯುತ್ತದೆ. ನಿಂತುಕೊಂಡು ಹಾಡಿದರೆ ಕಾಲಿನ ಸ್ನಾಯುಗಳು ಕೆಲಸ ಮಾಡಿ ರಕ್ತ ಓಡಾಡುತ್ತದೆ, ಕುತ್ತಿಗೆಯೂ ನೇರವಾಗುತ್ತದೆ. ಕಿಟಕಿಯಿಂದ ದೂರದ ಬಿಲ್ಡಿಂಗ್ ನೋಡುತ್ತಾ ಹಾಡಿದರೆ ಹತ್ತಿರದ ಅಕ್ಷರ ನೋಡಿ ದಣಿದ ಕಣ್ಣಿಗೂ ವಿಶ್ರಾಂತಿ.

ನಮ್ಮ ಮನೆಗಳು ಚಿಕ್ಕವು, ಗೋಡೆಯಾಚೆಗೆ ಪಕ್ಕದವರ ಟಿವಿ, ಮೂಲೆಯಲ್ಲಿ ಮಲಗಿದ ಮಗು. ಗಟ್ಟಿಯಾಗಿ ಹಾಡಲು ಆಗದಿದ್ದರೆ ಬಾಯಿ ಮುಚ್ಚಿ ಗುನುಗಿದರೂ ಉಸಿರಿನ ಕೆಲಸ ಆಗಿಯೇ ಆಗುತ್ತದೆ. ಇಯರ್‌ಫೋನ್ ಅನಿವಾರ್ಯವಾದರೆ ಸದ್ದು ಕಡಿಮೆ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವ ಮಿತಿ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ. ಅಳೆಯುವ ಯಂತ್ರ ಬೇಡ. ಒಂದು ಕೈಯಳತೆ ದೂರದಲ್ಲಿ ನಿಂತು ನೀವು ಸಾಮಾನ್ಯ ದನಿಯಲ್ಲಿ ಕರೆದರೆ ಮಗುವಿಗೆ ಕೇಳಬೇಕು. ಕೇಳದಿದ್ದರೆ ಸದ್ದು ಹೆಚ್ಚಾಗಿದೆ. ಲೋಕಲ್‌ನ ಗದ್ದಲದಲ್ಲಿ ಏರಿಸಿದ ಸದ್ದು ಮನೆಗೆ ಬಂದಮೇಲೂ ಹಾಗೇ ಉಳಿದಿರುತ್ತದೆ, ಅದನ್ನು ಮೊದಲು ನೋಡಿ.

*ಒಂದು ಸಂಜೆಯ ಲೆಕ್ಕ*

ಡೊಂಬಿವಲಿಯ ಒಂದು ವನ್ ರೂಮ್ ಕಿಚನ್ ಮನೆ ಎಂದುಕೊಳ್ಳಿ. ಹತ್ತನೆಯ ತರಗತಿಯ ಹುಡುಗಿ, ಬೆಳಿಗ್ಗೆ ಶಾಲೆ, ಸಂಜೆ ಕ್ಲಾಸು. ಮನೆಗೆ ಬರುವುದು ಆರೂಕಾಲಿಗೆ. ಕೈಕಾಲು ತೊಳೆದು ಏನಾದರೂ ತಿಂದು 6.45ಕ್ಕೆ ಬೀಜಗಣಿತಕ್ಕೆ ಕೂರುತ್ತಾಳೆ. 7.30ಕ್ಕೆ ಮೊದಲ ಬಿಡುವು.

ಏಳುವ ಮೊದಲು ಒಂದು ಚೀಟಿಯಲ್ಲಿ “ಮುಂದೆ: 4ನೇ ಲೆಕ್ಕ, ಎರಡನೇ ಸಮೀಕರಣದಿಂದ” ಎಂದು ಬರೆದಿಡಬೇಕು. ಈ ಅರ್ಧ ನಿಮಿಷವನ್ನು ಬಿಡಬೇಡಿ. ಅರ್ಧಕ್ಕೆ ನಿಂತ ಕೆಲಸ ತಲೆಯಲ್ಲಿ ಕೊರೆಯುತ್ತಿರುತ್ತದೆ, ಎಲ್ಲಿಂದ ಶುರು ಎಂದು ಬರೆದಿಟ್ಟರೆ ಮನಸ್ಸು ಅದನ್ನು ಕೆಳಗಿಡುತ್ತದೆ, ತಿರುಗಿ ಕೂತಾಗ ಹುಡುಕಾಟವೂ ಇರುವುದಿಲ್ಲ. ಆಮೇಲೆ ನೀರು, ಶೌಚ, ಎರಡು ಮೂರು ನಿಮಿಷ. ಕಿಟಕಿಯ ಹತ್ತಿರ ನಿಂತು ನಾಲ್ಕು ನಿಮಿಷದ ಚುರುಕಾದ ಹಾಡು. ಹಾಡು ಪೂರ್ತಿ ಮುಗಿಯಲಿ. ಉಳಿದ ಎರಡು ನಿಮಿಷ ಏನೂ ಇಲ್ಲ, ಮೌನ. ಬಂದು ಕೂತು ಚೀಟಿ ನೋಡಿದರೆ 7.40.

ಲೆಕ್ಕ ಮುಗಿಸಿ 8.20ರವರೆಗೆ ಮರಾಠಿ ಕವಿತೆ ಬಾಯಿಪಾಠ ಮಾಡಿದಳು ಎನ್ನೋಣ. ಈಗಿನ ಬಿಡುವಿಗೆ ಪದವಿರುವ ಹಾಡು ಬೇಡ. ಆಗಷ್ಟೇ ಕಲಿತ ಸಾಲುಗಳ ಮೇಲೆ ಬೇರೆ ಸಾಲುಗಳು ಬಿದ್ದರೆ ಕಲಿತದ್ದು ಕಲಸಿಹೋಗುತ್ತದೆ. ಕೊಳಲು ಅಥವಾ ವೀಣೆ ಹಾಕಿ, ಇಲ್ಲವೇ ಸುಮ್ಮನೆ ಗುನುಗಲಿ. ಸಂಸ್ಕೃತ ಶ್ಲೋಕಕ್ಕೂ ವಿಜ್ಞಾನದ ವ್ಯಾಖ್ಯೆಗಳಿಗೂ ಇದೇ ಕ್ರಮ. 8.30ರಿಂದ 9.10ರವರೆಗೆ ಇತಿಹಾಸ, ಆಮೇಲೆ ಊಟ. ಹಾಡಬೇಕೆನಿಸಿದರೆ ಒಂಬತ್ತೂ ಮುಕ್ಕಾಲಕ್ಕೆ ಒಂದು ನಿಧಾನದ ಭಾವಗೀತೆ, ಹತ್ತಕ್ಕೆ ಹಾಸಿಗೆ. ಕುಣಿಸುವ ಹಾಡು ಈ ಹೊತ್ತಿಗೆ ಬಂದರೆ ಬಡಿತ ಏರಿ ನಿದ್ದೆ ಮುಂದಕ್ಕೆ ಹೋಗುತ್ತದೆ. ಮೊದಲ ಬಿಡುವಿಗೆ ಚುರುಕು, ಕೊನೆಗೆ ನಿಧಾನ.

ಇದೇ ಸಂಜೆ ಯೂಟ್ಯೂಬ್ ಕೈಯಲ್ಲಿದ್ದರೆ? ಒಂದು ಹಾಡು ಮುಗಿದೊಡನೆ ಇನ್ನೊಂದು ತಾನಾಗಿ ಶುರು. ಒಂದೊಂದು ಬಿಡುವೂ ಇಪ್ಪತ್ತೈದು ನಿಮಿಷಕ್ಕೆ ಎಳೆಯಿತೆನ್ನಿ, ಇಪ್ಪತ್ತು ನಿಮಿಷದ ಜಾಗದಲ್ಲಿ ಐವತ್ತು ಹೋಯಿತು. ಹೋದ ಅರ್ಧ ಗಂಟೆ ಇತಿಹಾಸದಿಂದ ಬರುವುದಿಲ್ಲ, ಏಕೆಂದರೆ ಅದನ್ನು ಮುಗಿಸಲೇಬೇಕು. ಅದು ಬರುವುದು ನಿದ್ದೆಯಿಂದ.

ಆದ್ದರಿಂದ ಹಾಡುಗಳನ್ನು ಫೋನಿನಲ್ಲಿ ಇಳಿಸಿಟ್ಟು, ನೆಟ್ ಬಂದ್ ಮಾಡಿ, ಒಂದೇ ಹಾಡು ಹಾಕಿ. ನೆಟ್ ಬೇಕೇಬೇಕಾದರೆ Autoplay ಗುಂಡಿಯನ್ನಾದರೂ ಆರಿಸಿಡಿ. ಇನ್ನೂ ಒಳ್ಳೆಯದು, ಊರಿನಲ್ಲಿರುವ ಅಜ್ಜಿಯಿಂದಲೋ ಸೋದರತ್ತೆಯಿಂದಲೋ ನಾಲ್ಕು ಹಾಡು ಧ್ವನಿ ಸಂದೇಶವಾಗಿ ತರಿಸಿಕೊಳ್ಳಿ. ಅದರಲ್ಲಿ ಜಾಹೀರಾತಿಲ್ಲ, ಹಾಡು ಮುಗಿದರೆ ಮುಗಿಯಿತು. ಒಂದು ಎಚ್ಚರ: ಧ್ವನಿ ಸಂದೇಶಗಳು ಒಂದರ ಹಿಂದೆ ಒಂದಿದ್ದರೆ ವಾಟ್ಸಾಪ್ ಕೂಡ ತಾನಾಗಿ ಮುಂದಿನದಕ್ಕೆ ಹೋಗುತ್ತದೆ, ಜೊತೆಗೆ ಗೆಳೆಯರ ಸಂದೇಶಗಳೂ ಕಣ್ಣಿಗೆ ಬೀಳುತ್ತವೆ. ಬೇರೆ ಕಡೆ ಉಳಿಸಿಕೊಂಡು, ಅಪ್ಪ ಅಮ್ಮನ ಫೋನಿನಲ್ಲಿ ಹಾಕಿ.

*ಸರಿಹೋಗದಿದ್ದರೆ*

ತಿರುಗಿ ಕೂತ ಮೇಲೂ ಹಾಡಿನ ಒಂದೇ ಸಾಲು ತಲೆಯಲ್ಲಿ ಸುತ್ತುತ್ತಿದೆಯೇ? ಹಾಡನ್ನು ಅರ್ಧಕ್ಕೆ ನಿಲ್ಲಿಸಿದಾಗ ಹೀಗಾಗಬಹುದು. ಕೊನೆಯ ಸಾಲಿನವರೆಗೂ ಒಮ್ಮೆ ಗುನುಗಿ ಮುಗಿಸಲಿ. ಬಾಯಲ್ಲಿ ನಾಲ್ಕು ಸೋಂಪಿನ ಕಾಳು ಜಗಿದರೂ ಆಗುತ್ತದೆ, ಒಳಗೊಳಗೇ ಹಾಡಲು ಬಾಯಿಗೆ ಬಿಡುವಿರುವುದಿಲ್ಲ. ನಾಳೆಯಿಂದ ಆ ಹಾಡು ಬದಲಿಸಿ.

ಹಾಡಾಗಿ ಹತ್ತು ನಿಮಿಷ ಕಳೆದರೂ ಆಕಳಿಕೆ ನಿಲ್ಲದೆ, ಒಂದೇ ಸಾಲನ್ನು ಮೂರು ಸಲ ಓದುತ್ತಿದ್ದರೆ ಮಗುವಿಗೆ ಬೇಕಾದದ್ದು ಹಾಡಲ್ಲ, ನಿದ್ದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆ ಹೊತ್ತಿಗೆ ಚಹಾ ಕೊಟ್ಟು ಎಬ್ಬಿಸಿದರೆ ರಾತ್ರಿಯ ನಿದ್ದೆಯೂ ಕೆಡುತ್ತದೆ. ಮೇಲಿಂದಮೇಲೆ ತಲೆನೋವು ಬಂದರೆ ಕಣ್ಣಿನ ಡಾಕ್ಟರರಿಗೆ ತೋರಿಸಿ. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದರೆ ಇಯರ್‌ಫೋನನ್ನು ಪೂರ್ತಿ ನಿಲ್ಲಿಸಿ, ಎರಡು ದಿನದಲ್ಲಿ ಹೋಗದಿದ್ದರೆ ಕಿವಿಯ ಡಾಕ್ಟರರನ್ನು ಕಾಣಿ.