ಸಂಬಳದ ನೀತಿ ಮತ್ತು ಮಾರುಕಟ್ಟೆಯ ದರ

ದೊಡ್ಡ ಕಂಪೆನಿಗಳು ಈಚೆಗೆ ತಮ್ಮ ನೌಕರರ ಕೈಗೆ ಒಂದು ಹೇಳಿಕೆಯನ್ನು ಕೊಡುತ್ತವೆ. ಅದರಲ್ಲಿ ಮುಖ್ಯವಾದ ಮಾತು ಒಂದೇ: “ನಾವು ಮಾರುಕಟ್ಟೆಯ ನಡುಮಟ್ಟದಲ್ಲಿ ಸಂಬಳ ಕೊಡುತ್ತೇವೆ.” ನಮ್ಮಲ್ಲಿ ಅನೇಕರು ನಾಳೆ ಇಂಥ ಹೇಳಿಕೆಗೆ ಒಪ್ಪಿ ರುಜು ಹಾಕುವವರು. ಆದುದರಿಂದ ಈ ವಾಕ್ಯದ ಹಿಂದಿರುವ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ‘ನಡುಮಟ್ಟ’ ಎಂದರೇನು? ಲೆಕ್ಕಕ್ಕಾಗಿ ತುಮಕೂರಿನ ಸುತ್ತ ಒಂಬತ್ತು ಕಾರ್ಖಾನೆಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಫಿಟ್ಟರನಿಗೆ ಅವು ಕೊಡುವ ತಿಂಗಳ ಸಂಬಳ ಕ್ರಮವಾಗಿ 20, 21, 22, 23, 24, 25, 26, 28 ಮತ್ತು 36 ಸಾವಿರ ರೂಪಾಯಿ ಎನ್ನೋಣ. ಇವುಗಳ ಸರಾಸರಿ 25,000. ಆದರೆ ಸಾಲಿನ ನಟ್ಟನಡುವೆ ನಿಂತಿರುವುದು 24,000. ಕೊನೆಯ ಒಂದೇ ಕಾರ್ಖಾನೆ ಸರಾಸರಿಯನ್ನು ಮೇಲಕ್ಕೆಳೆದಿದೆ. ಆದುದರಿಂದಲೇ ಸಂಬಳ ಗೊತ್ತುಮಾಡುವವರು ಸರಾಸರಿಯನ್ನು ಬಿಟ್ಟು ಮಧ್ಯಾಂಕವನ್ನು ಹಿಡಿಯುತ್ತಾರೆ. ನಾಲ್ವರು ಇದಕ್ಕಿಂತ ಕಡಮೆ, ನಾಲ್ವರು ಇದಕ್ಕಿಂತ ಹೆಚ್ಚು ಕೊಡುತ್ತಾರೆಂಬುದು ಅದರ ಅರ್ಥ. ಫಿಟ್ಟರನ ಕೆಲಸದ ಬೆಲೆಯೇ ಅಷ್ಟು ಎಂದಲ್ಲ.

ನಿಜವಾದ ತೊಡಕಿರುವುದು ‘ಮಾರುಕಟ್ಟೆ’ ಎಂಬ ಮಾತಿನಲ್ಲಿ. ಯಾವ ಊರಿನ ಮಾರುಕಟ್ಟೆ? ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿರುವ ಕಂಪೆನಿಗೆ ಬೆಂಗಳೂರು ದೂರವಲ್ಲ. ತುಮಕೂರಿನಿಂದ ನಿತ್ಯವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರನ್ನು ನಾವೆಲ್ಲ ಕಂಡಿದ್ದೇವೆ. ಯಂತ್ರದ ನಕ್ಷೆ ಬರೆಯಬಲ್ಲವನು ಕೆಲಸ ಬಿಟ್ಟರೆ ಪೀಣ್ಯದಲ್ಲಿ ಸೇರುತ್ತಾನೆ. ಗುಬ್ಬಿ, ಕುಣಿಗಲುಗಳ ಹಳ್ಳಿಗಳಿಂದ ಪ್ಯಾಕಿಂಗ್ ಕೆಲಸಕ್ಕೆ ಬರುವವರು ಬಿಟ್ಟರೆ ಹತ್ತಿರದ ಇನ್ನೊಂದು ಕಾರ್ಖಾನೆಗೆ ಹೋಗುತ್ತಾರೆ, ಇಲ್ಲವೆ ಹೊಲಕ್ಕೆ ಮರಳುತ್ತಾರೆ. ಹೀಗೆ ಒಂದೇ ಕಟ್ಟಡದೊಳಗೆ ಎರಡು ಮಾರುಕಟ್ಟೆಗಳಿರುತ್ತವೆ. ಯಾರಿಗೆ ಯಾವುದನ್ನು ಹೋಲಿಸಿದೆವೆಂದು ಹೇಳದ ನೀತಿ ಅರ್ಧ ನೀತಿಯೇ ಎಂದು ನನ್ನ ಅಭಿಪ್ರಾಯ.

ಸರ್ಕಾರಿ ಉದ್ಯಮಗಳು ಇದನ್ನು ಬೇರೆ ರೀತಿಯಲ್ಲಿ ಬಗೆಹರಿಸಿವೆ. ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಇಂಥ ಕೇಂದ್ರೋದ್ಯಮಗಳ ಅಧಿಕಾರಿಗಳಿಗೆ 2017ರ ವೇತನ ಪರಿಷ್ಕರಣೆ ಗೊತ್ತುಮಾಡಿದ ಮೂಲವೇತನದ ಶ್ರೇಣಿಗಳಲ್ಲಿ ಊರಿನ ಭೇದವಿಲ್ಲ. ಭೇದವಿರುವುದು ಮನೆಬಾಡಿಗೆಯ ಭತ್ಯದಲ್ಲಿ. ಆದೇಶ ಹೊರಟಾಗ ಅದು 50 ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ಮೂಲವೇತನದ ಶೇಕಡ 24, ಐದು ಲಕ್ಷಕ್ಕೂ ಕಡಮೆಯಿರುವ ಊರುಗಳಿಗೆ ಶೇಕಡ 8. ಕೆಲಸದ ಬೆಲೆ ಬೇರೆ, ಊರಿನ ಖರ್ಚು ಬೇರೆ ಎಂಬ ವಿಂಗಡಣೆ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನು ಕಾಲದ ಮಾತು. ಮೇಲಿನ 24,000 ಜನವರಿಯ ಅಂಕಿ. ಕಂಪೆನಿ ಅದನ್ನು ಏಪ್ರಿಲಿನಲ್ಲಿ ಜಾರಿಗೆ ತಂದು ಮುಂದಿನ ಮಾರ್ಚಿನವರೆಗೂ ಕೊಡುತ್ತದೆ. ಮಾರುಕಟ್ಟೆ ವರ್ಷಕ್ಕೆ ಶೇಕಡ 8ರಂತೆ ಏರುತ್ತಿದ್ದರೆ ಮೊದಲ ದಿನವೇ ನೌಕರನು ಶೇಕಡ 2ರಷ್ಟು ಹಿಂದೆ ಬಿದ್ದಿರುತ್ತಾನೆ, ವರ್ಷದ ಕೊನೆಗೆ ಸುಮಾರು 10ರಷ್ಟು. ಇದನ್ನು ಸರಿಪಡಿಸಲು ಅಂಕಿಯನ್ನು ವೇತನವರ್ಷದ ನಡುವಿಗೆ, ಎಂದರೆ ಅಕ್ಟೋಬರಿಗೆ, ಒಯ್ಯಬೇಕು: ಒಂಬತ್ತು ತಿಂಗಳಿಗೆ ಶೇಕಡ 6 ಸೇರಿಸಿದರೆ 25,440. ಆಗ ಮೊದಲ ಆರು ತಿಂಗಳು ಕಂಪೆನಿ ಮಾರುಕಟ್ಟೆಗಿಂತ ಮುಂದೆ, ಮುಂದಿನ ಆರು ತಿಂಗಳು ಹಿಂದೆ. ‘ನಡುಮಟ್ಟ’ ಎಂದು ಹೇಳಿಕೊಳ್ಳುವ ಎರಡು ಕಂಪೆನಿಗಳ ನಡುವೆ ತಿಂಗಳಿಗೆ 1,440 ರೂಪಾಯಿಯ ಅಂತರವಿರಬಹುದೆಂದಾಯಿತು!

ವಿಭಾಗದ ಮ್ಯಾನೇಜರನಿಗೆ ಬೇರೊಂದು ಪೇಚು ಕಾದಿರುತ್ತದೆ. ಹೊಸ ಫಿಟ್ಟರನೊಬ್ಬನನ್ನು ಬೆಂಗಳೂರಿನಿಂದ 27,000ಕ್ಕೆ ಕರೆತರುತ್ತಾನೆ. ಪಕ್ಕದ ಯಂತ್ರದಲ್ಲಿ ಆರು ವರ್ಷದಿಂದ ದುಡಿದವನಿಗೆ 24,000. ನಡುಮಟ್ಟ 25,440 ಎಂದರೆ ಹೊಸಬನು ಅದರ ಶೇಕಡ 106ರಲ್ಲಿದ್ದಾನೆ, ಹಳಬನು 94ರಲ್ಲಿ. ಹೊಸಬನಿಗೆ ಕೆಲಸ ಹೇಳಿಕೊಡುವವನು ಹಳಬನೇ. ಇಂಥ ಎಡವಟ್ಟು ಸಂಬಳದ ಪಟ್ಟಿಯಲ್ಲಿ ತಾನಾಗಿ ಕಾಣದು. ಪ್ರತಿಯೊಬ್ಬನ ಸಂಬಳವನ್ನೂ ನಡುಮಟ್ಟದಿಂದ ಭಾಗಿಸಿ, ಅವನ ಅನುಭವದ ವರ್ಷಗಳ ಪಕ್ಕದಲ್ಲಿ ಬರೆದಾಗಲೇ ಗೊತ್ತಾಗುವುದು. ಒಂದೇ ಕಸುಬಿನವರು ಸಾಲಾಗಿ ರಾಜೀನಾಮೆ ಕೊಡತೊಡಗಿದ ಮೇಲೆ ನೋಡಿದರೆ ತಡವಾಗಿರುತ್ತದೆ.

ಮಾರುಕಟ್ಟೆ ಎಷ್ಟೇ ಏರಲಿ, ಕೊಡುವ ಶಕ್ತಿಯೂ ಇರಬೇಕಷ್ಟೆ. ಹೇಳಿದ 2017ರ ಪರಿಷ್ಕರಣೆಯಲ್ಲಿ ಪೂರ್ತಿ ಶೇಕಡ 15ರ ಏರಿಕೆ ಸಿಗಬೇಕಾದರೆ, ಅದರ ಹೊರೆ ಸಂಸ್ಥೆಯ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ, ತೆರಿಗೆ ಕಳೆಯುವುದಕ್ಕೆ ಮುಂಚಿನ ಲಾಭದ, ಶೇಕಡ 20ನ್ನು ಮೀರಬಾರದಾಗಿತ್ತು. ಹೊರೆ ಶೇಕಡ 40ನ್ನು ಮೀರಿದರೆ ಏರಿಕೆಯೇ ಇಲ್ಲ. ಲಾಭವಿಲ್ಲದಲ್ಲಿ ಏನಾಗುತ್ತದೆಂಬುದಕ್ಕೆ ನಮ್ಮ ಊರೇ ಸಾಕ್ಷಿ. ತುಮಕೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯನ್ನು ನಡೆಸುತ್ತಿದ್ದ ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ನೌಕರರ ಸ್ವಯಂನಿವೃತ್ತಿಯ ಹಣವನ್ನು ‘2007ರ ಕಾಲ್ಪನಿಕ ವೇತನ ಶ್ರೇಣಿ’ಯ ಮೇಲೆ ಲೆಕ್ಕ ಹಾಕುವುದೆಂದು ಗೊತ್ತಾಯಿತು. ಕಾಲ್ಪನಿಕವೆಂದು ಏಕೆ ಕರೆದರೆಂದರೆ, ಆ ಶ್ರೇಣಿ ಅವರ ಕೈಗೆ ಎಂದೂ ಬಂದಿರಲಿಲ್ಲ. ಅವರು ಅದಕ್ಕೂ ಹಿಂದಿನ ಶ್ರೇಣಿಯಲ್ಲೇ ದುಡಿಯುತ್ತಿದ್ದರು.