ರಿವ್ಯೂ ಮುಗಿದ ಮೇಲೆ ಬರೆಯಬೇಕಾದ ವಿವರಣೆ

ರಿವ್ಯೂನಲ್ಲಿ ಬಂದ ತಕರಾರುಗಳನ್ನು ಸರಿಪಡಿಸಿದ ಮೇಲೆ ಪುಲ್ ರಿಕ್ವೆಸ್ಟ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಸಾಲು: ‘ಕಾಮೆಂಟ್‌ಗಳನ್ನೆಲ್ಲ ಸರಿಪಡಿಸಲಾಗಿದೆ.’ ಮೇಲಿನ ವಿವರಣೆ ಮಾತ್ರ ಮೊದಲ ದಿನ ಬರೆದ ಹಾಗೇ ಇರುತ್ತದೆ. ಅಷ್ಟರಲ್ಲಿ ಒಳಗಿನ ಕೋಡ್ ಬೇರೆಯೇ ಆಗಿರುತ್ತದೆ. ತಿದ್ದುಪಡಿ ಆದ ಮೇಲೆ ವಿವರಣೆಯನ್ನು ಹೊಸದಾಗಿ ಬರೆಯಬೇಕು, ಏನು ಬದಲಾಯಿತು ಎನ್ನುವುದಕ್ಕಿಂತ ಯಾಕೆ ಬದಲಾಯಿತು, ಹೇಗೆ ಪರೀಕ್ಷಿಸಿದೆವು ಎನ್ನುವುದಕ್ಕೆ ಹೆಚ್ಚು ಜಾಗ ಕೊಡಬೇಕು ಎಂಬುದನ್ನು ನಾನು ಕಲಿತದ್ದು ವಾಲೆಟ್‌ಗೆ ಹಣ ಜಮಾ ಮಾಡುವ ಒಂದು ಕೆಲಸದಲ್ಲಿ.

ಗ್ರಾಹಕರು ಹಣ ಕಟ್ಟಿದಾಗ ಪೇಮೆಂಟ್ ಗೇಟ್‌ವೇ ನಮ್ಮ ಸರ್ವರ್‌ಗೆ ಒಂದು ಸಂದೇಶ ಕಳಿಸುತ್ತದೆ. ಅದನ್ನು ವೆಬ್‌ಹುಕ್ ಎನ್ನುತ್ತಾರೆ. ನಮ್ಮಿಂದ ಸಕಾಲಕ್ಕೆ ಉತ್ತರ ಹೋಗದಿದ್ದರೆ ಗೇಟ್‌ವೇ ಅದೇ ಸಂದೇಶವನ್ನು ಮತ್ತೆ ಕಳಿಸುತ್ತದೆ. ಹೀಗಾಗಿ ಒಂದೇ ಪಾವತಿಗೆ ಎರಡು ಸಲ ಜಮಾ ಆಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ನನ್ನ ಮೊದಲ ಕೋಡ್ ಸಂದೇಶದ `event_id` ಟೇಬಲ್‌ನಲ್ಲಿ ಇದೆಯೇ ಎಂದು ಹುಡುಕುತ್ತಿತ್ತು. ಇಲ್ಲದಿದ್ದರೆ ಹೊಸ ಸಾಲು ಸೇರಿಸಿ ಬ್ಯಾಲೆನ್ಸ್ ಹೆಚ್ಚಿಸುತ್ತಿತ್ತು.

ರಿವ್ಯೂ ಮಾಡಿದ ಹಿರಿಯ ಸಹೋದ್ಯೋಗಿ ಎತ್ತಿದ ಮೊದಲ ಪ್ರಶ್ನೆ ಇದರದ್ದೇ. ಒಂದೇ ಸಂದೇಶ ಒಂದೇ ಕ್ಷಣದಲ್ಲಿ ಎರಡು ಸಲ ಬಂದರೆ ಎರಡೂ ಟ್ರಾನ್ಸಾಕ್ಷನ್‌ಗಳು ಹುಡುಕುತ್ತವೆ, ಎರಡಕ್ಕೂ ‘ಇಲ್ಲ’ ಎಂದೇ ಸಿಗುತ್ತದೆ, ಎರಡೂ ಜಮಾ ಮಾಡುತ್ತವೆ. ಒಂದು ಟ್ರಾನ್ಸಾಕ್ಷನ್ ಕಮಿಟ್ ಆಗುವವರೆಗೆ ಅದರ ಸಾಲು ಇನ್ನೊಂದಕ್ಕೆ ಕಾಣುವುದೇ ಇಲ್ಲ. ಆದ್ದರಿಂದ ಹುಡುಕುವ ಕೆಲಸವನ್ನು ಕೋಡ್‌ನಿಂದ ತೆಗೆದು, ತಡೆಯುವ ಕೆಲಸವನ್ನು ಪೋಸ್ಟ್‌ಗ್ರೆಸ್‌ಗೇ ಒಪ್ಪಿಸಿದೆ.

```sql
INSERT INTO wallet_entries (event_id, user_id, amount_paise)
VALUES ($1, $2, $3)
ON CONFLICT (event_id) DO NOTHING;
```

ಈಗ ಎರಡನೆಯ ಟ್ರಾನ್ಸಾಕ್ಷನ್ ಮೊದಲನೆಯದು ಮುಗಿಯುವವರೆಗೆ ಕಾಯುತ್ತದೆ. ಮೊದಲನೆಯದು ಕಮಿಟ್ ಆದರೆ ಸುಮ್ಮನಾಗುತ್ತದೆ, ರದ್ದಾದರೆ ತಾನೇ ಸಾಲು ಸೇರಿಸುತ್ತದೆ. ಸಾಲು ಸೇರಿದ್ದರೆ ಮಾತ್ರ ಅದೇ ಟ್ರಾನ್ಸಾಕ್ಷನ್‌ನಲ್ಲಿ ಬ್ಯಾಲೆನ್ಸ್ ಬದಲಾಗುತ್ತದೆ. ಗೇಟ್‌ವೇಗೆ ಎರಡೂ ಸಲ 200 ಎಂಬ ಉತ್ತರವೇ ಹೋಗುತ್ತದೆ, ಇಲ್ಲದಿದ್ದರೆ ಅದು ಕಳಿಸುತ್ತಲೇ ಇರುತ್ತದೆ.

ಎರಡನೆಯ ತಕರಾರು ಈ `ON CONFLICT`ಗೆ ಬೇಕಾದ ಯೂನಿಕ್ ಇಂಡೆಕ್ಸ್ ಬಗ್ಗೆ. ಮಾಮೂಲಿ `CREATE INDEX` ಕೊಟ್ಟರೆ ಅದು ಮುಗಿಯುವವರೆಗೆ ಆ ಟೇಬಲ್‌ಗೆ ಯಾರೂ ಬರೆಯುವ ಹಾಗಿಲ್ಲ. ಹಣ ಜಮಾ ಆಗುವ ಟೇಬಲ್‌ನಲ್ಲಿ ಇದು ನಡೆಯುವ ಮಾತಲ್ಲ. ಹಾಗಾಗಿ ಹೀಗೆ ಬದಲಿಸಿದೆ:

```sql
CREATE UNIQUE INDEX CONCURRENTLY wallet_entries_event_id_key
  ON wallet_entries (event_id);
```

ಇದನ್ನು ಟ್ರಾನ್ಸಾಕ್ಷನ್ ಒಳಗೆ ಓಡಿಸಲು ಬರುವುದಿಲ್ಲ, ಅದಕ್ಕೇ ಬೇರೆ ಮೈಗ್ರೇಷನ್ ಬೇಕಾಯಿತು. ಟೇಬಲ್‌ನಲ್ಲಿ ಮೊದಲೇ ನಕಲು ಸಾಲುಗಳಿದ್ದರೆ ಆದೇಶ ವಿಫಲವಾಗಿ, `INVALID` ಎಂಬ ಗುರುತಿನ ಇಂಡೆಕ್ಸ್ ಹಿಂದೆ ಉಳಿಯುತ್ತದೆ. ಅದನ್ನು ಅಳಿಸಿ ಮತ್ತೆ ಕಟ್ಟಬೇಕು.

ಮೂರನೆಯ ತಕರಾರು ಟೆಸ್ಟ್ ಬಗ್ಗೆ. ನನ್ನ ಟೆಸ್ಟ್ ಒಂದೇ ಸಂದೇಶವನ್ನು ಒಂದಾದ ಮೇಲೊಂದರಂತೆ ಎರಡು ಸಲ ಕಳಿಸುತ್ತಿತ್ತು. ಅವರು ಕೇಳಿದ್ದು ಇಷ್ಟೇ: ‘ಟೆಸ್ಟ್ ಪಾಸ್ ಆಗಿದೆ, ಸರಿ. ಇದನ್ನೇ ಹಳೇ ಕೋಡ್ ಮೇಲೆ ಓಡಿಸಿದರೆ ಫೇಲ್ ಆಗುತ್ತಾ?’ ಆಗುತ್ತಿರಲಿಲ್ಲ. ಒಂದರ ನಂತರ ಒಂದು ಬಂದಾಗ ಹಳೆಯ ಕೋಡ್ ಕೂಡ ಸರಿಯಾಗಿಯೇ ಕೆಲಸ ಮಾಡುತ್ತದೆ. ಇಲ್ಲಿಂದ ನಾನು ಇಟ್ಟುಕೊಂಡ ನಿಯಮ: ತಿದ್ದುಪಡಿಗೆ ಬರೆದ ಟೆಸ್ಟ್ ತಿದ್ದುಪಡಿ ಇಲ್ಲದಾಗ ಫೇಲ್ ಆಗುವುದನ್ನು ಕಣ್ಣಾರೆ ನೋಡಬೇಕು, ನೋಡಿದ್ದನ್ನು ವಿವರಣೆಯಲ್ಲಿ ಬರೆಯಬೇಕು. ಹೊಸ ಟೆಸ್ಟ್‌ನಲ್ಲಿ ಎರಡು ಥ್ರೆಡ್‌ಗಳನ್ನು ಬರೆಯುವ ಹಂತಕ್ಕೆ ಸ್ವಲ್ಪ ಮೊದಲು ತಡೆದು ನಿಲ್ಲಿಸಿ, ಒಟ್ಟಿಗೆ ಬಿಟ್ಟೆ. ಅದೃಷ್ಟದ ಮೇಲೆ ನಿಲ್ಲುವ ಟೆಸ್ಟ್ ಆಗಬಾರದೆಂದರೆ ಈ ತಡೆ ಬೇಕೇ ಬೇಕು.

ಇಷ್ಟೆಲ್ಲ ಆದ ಮೇಲೆ ವಿವರಣೆಯನ್ನು ಪೂರ್ತಿ ಅಳಿಸಿ ಮತ್ತೆ ಬರೆದೆ. ಇಂಗ್ಲಿಷಿನಲ್ಲಿದ್ದ ಅದರ ತಿರುಳು ಇದು:

*ಏನು ಬದಲಾಯಿತು:* ಒಂದೇ ಸಂದೇಶಕ್ಕೆ ಎರಡು ಸಲ ಜಮಾ ಆಗುವುದನ್ನು ಈಗ ಡೇಟಾಬೇಸ್ ತಡೆಯುತ್ತದೆ, ಕೋಡ್ ಅಲ್ಲ. `event_id` ಮೇಲಿನ ಯೂನಿಕ್ ಇಂಡೆಕ್ಸ್ ಒಂದೇ ಇದಕ್ಕೆ ಕಾವಲು.

*ಯಾಕೆ:* ಹುಡುಕಿ ನಂತರ ಸೇರಿಸುವ ಕ್ರಮದಲ್ಲಿ, ಏಕಕಾಲಕ್ಕೆ ಬಂದ ಎರಡು ಸಂದೇಶಗಳೂ ಒಳಗೆ ನುಗ್ಗುತ್ತವೆ. ರೆಡಿಸ್‌ನಲ್ಲಿ ಲಾಕ್ ಇಡುವ ಸಲಹೆಯನ್ನು ತೆಗೆದುಕೊಂಡಿಲ್ಲ. ಕೆಲಸ ಮುಗಿಯುವ ಮೊದಲೇ ಲಾಕ್‌ನ ಅವಧಿ ತೀರಿದರೆ ಅದೇ ತೊಂದರೆ ಮರಳುತ್ತದೆ.

*ಪರೀಕ್ಷೆ:* ಎರಡು ಥ್ರೆಡ್‌ಗಳ ಟೆಸ್ಟ್ ಇಂಡೆಕ್ಸ್ ಇಲ್ಲದೆ ಹಳೆಯ ಕೋಡ್ ಮೇಲೆ ಫೇಲ್, ಎರಡು ಸಾಲು ಸೇರಿದವು. ಹೊಸ ಕೋಡ್ ಮೇಲೆ ಪಾಸ್, ಒಂದೇ ಸಾಲು, ಬ್ಯಾಲೆನ್ಸ್ ಸರಿ. ಮೊದಲ ಟ್ರಾನ್ಸಾಕ್ಷನ್ ರದ್ದಾದಾಗ ಎರಡನೆಯದು ಜಮಾ ಮಾಡುವುದನ್ನೂ ನೋಡಿದ್ದೇನೆ. ಪ್ರೊಡಕ್ಷನ್‌ನಷ್ಟು ದೊಡ್ಡ ಟೇಬಲ್ ಮೇಲೆ ಇಂಡೆಕ್ಸ್ ಕಟ್ಟಲು ಎಷ್ಟು ಹೊತ್ತು ಬೇಕೆಂದು ಪರೀಕ್ಷಿಸಿಲ್ಲ.

*ಬಿಡುಗಡೆಯ ಕ್ರಮ:* ಮೊದಲು ನಕಲು ಸಾಲುಗಳಿವೆಯೇ ಎಂದು ನೋಡಿ. ನಂತರ ಇಂಡೆಕ್ಸ್, ಅದಾದ ಮೇಲೆ ಕೋಡ್. ಇಂಡೆಕ್ಸ್ ಇಲ್ಲದಿದ್ದರೆ `ON CONFLICT` ಸಾಲು ಎರರ್ ಕೊಡುತ್ತದೆ. ಹಿಂದಕ್ಕೆ ಹೋಗಬೇಕಾದರೆ ಕೋಡ್ ಮಾತ್ರ ಹಿಂದಕ್ಕೆ ಹಾಕಿ, ಇಂಡೆಕ್ಸ್ ಇರಲಿ.

ಕೊನೆಯ ವಾಕ್ಯಕ್ಕೂ ಕಾರಣ ಇದೆ. ಹಳೆಯ ಕೋಡ್ ಮರಳಿದರೂ ಇಂಡೆಕ್ಸ್ ಇರುವುದರಿಂದ ನಕಲು ಸಾಲು ಸೇರುವುದಿಲ್ಲ. ಎರರ್ ಬಂದು ಟ್ರಾನ್ಸಾಕ್ಷನ್ ರದ್ದಾಗುತ್ತದೆ, ಗೇಟ್‌ವೇ ಮತ್ತೆ ಕಳಿಸಿದಾಗ ಸಾಲು ಸಿಕ್ಕಿ 200 ಹೋಗುತ್ತದೆ. ರಾತ್ರಿ ಡ್ಯೂಟಿಯಲ್ಲಿರುವವರು ಇದನ್ನು ಆ ಹೊತ್ತಿನಲ್ಲಿ ಲೆಕ್ಕ ಹಾಕುತ್ತ ಕೂರಬಾರದು.

ಈ ವಿವರಗಳೆಲ್ಲ ಕಾಮೆಂಟ್‌ಗಳಲ್ಲೇ ಇವೆಯಲ್ಲ ಎನ್ನಬಹುದು. ಆದರೆ ಸಾಲುಗಳು ಬದಲಾದಂತೆ ಗಿಟ್‌ಹಬ್ ಆ ಚರ್ಚೆಗಳಿಗೆ ‘ಔಟ್‌ಡೇಟೆಡ್’ ಎಂಬ ಗುರುತು ಹಾಕುತ್ತದೆ, ಬಗೆಹರಿದವನ್ನು ಮಡಚಿಡುತ್ತದೆ. ಮುಂದೆ `git blame` ಹಿಡಿದು ಬರುವವರು ಮೊದಲು ಓದುವುದು ಕಮಿಟ್ ಸಂದೇಶ ಮತ್ತು ಪುಲ್ ರಿಕ್ವೆಸ್ಟ್‌ನ ವಿವರಣೆ. ಸ್ಕ್ವಾಷ್ ಮಾಡಿ ಸೇರಿಸುವಾಗ ವಿವರಣೆಯೇ ಕಮಿಟ್ ಸಂದೇಶವಾಗುವಂತೆ ರೆಪೊಸಿಟರಿಯಲ್ಲಿ ಹೊಂದಿಸಿಕೊಳ್ಳಬಹುದು. ನಾವು ಹಾಗೆ ಮಾಡಿಕೊಂಡೆವು. ತಿದ್ದುಪಡಿಗಳನ್ನು ರಿವ್ಯೂ ಮುಗಿಯುವವರೆಗೆ ಬೇರೆ ಬೇರೆ ಕಮಿಟ್ ಆಗಿಯೇ ಇಟ್ಟು, ಪ್ರತಿ ತಕರಾರಿನ ಕೆಳಗೆ ಅದರ ಕಮಿಟ್ ಹ್ಯಾಷ್ ಹಾಕುತ್ತೇನೆ. ಮತ್ತೆ ನೋಡುವವರಿಗೆ ಇಡೀ ಕೋಡ್ ಓದುವ ಕೆಲಸ ತಪ್ಪುತ್ತದೆ.

ಈ ವಿವರಣೆ ಕೆಲಸಕ್ಕೆ ಬಂದದ್ದು ಆ ಟೇಬಲ್ ಬೆಳೆದು, ತಿಂಗಳವಾರು ಪಾರ್ಟಿಷನ್ ಮಾಡೋಣ ಎಂಬ ಯೋಚನೆ ಬಂದಾಗ. ಪಾರ್ಟಿಷನ್ ಮಾಡಿದ ಟೇಬಲ್ ಮೇಲಿನ ಯೂನಿಕ್ ಇಂಡೆಕ್ಸ್‌ನಲ್ಲಿ ಪಾರ್ಟಿಷನ್ ಕಾಲಂ ಕೂಡ ಇರಲೇಬೇಕು ಎಂಬುದು ಪೋಸ್ಟ್‌ಗ್ರೆಸ್‌ನ ನಿಯಮ. ದಿನಾಂಕವನ್ನೂ ಸೇರಿಸಿದರೆ, ಅದೇ ಸಂದೇಶ ಬೇರೆ ಸಮಯದ ಗುರುತಿನೊಂದಿಗೆ ಇನ್ನೊಂದು ಸಾಲಾಗಿ ಕೂರಬಹುದು. ಕೆಲಸ ಕೈಗೆತ್ತಿಕೊಂಡವರು ತಂಡಕ್ಕೆ ಹೊಸಬರು. ‘ಈ ಇಂಡೆಕ್ಸ್ ಒಂದೇ ಕಾವಲು’ ಎಂಬ ವಾಕ್ಯ ಓದಿ, ಅದನ್ನು ಬದಲಿಸುವ ಮೊದಲೇ `event_id` ಮಾತ್ರ ಇರುವ, ಪಾರ್ಟಿಷನ್ ಮಾಡದ ಬೇರೊಂದು ಚಿಕ್ಕ ಟೇಬಲ್ ಮಾಡಿದರು. ಅವರ ಪುಲ್ ರಿಕ್ವೆಸ್ಟ್‌ನಲ್ಲಿ ‘ಯಾಕೆ’ ಎಂಬ ಭಾಗದಡಿ ನಮ್ಮ ಹಳೆಯ ಪುಲ್ ರಿಕ್ವೆಸ್ಟ್‌ನ ನಂಬರ್ ಇತ್ತು, ‘ಪರೀಕ್ಷೆ’ಯಡಿ ಅದೇ ಎರಡು ಥ್ರೆಡ್‌ಗಳ ಟೆಸ್ಟ್‌ನ ಫಲಿತಾಂಶ ಇತ್ತು.