ಪಾರ್ಸೆಲ್ ಬಿಲ್ಲಿನಲ್ಲಿ ಸಾಗಣೆ ವೆಚ್ಚದ ಲೆಕ್ಕ

ವಿದೇಶದಿಂದ ವಿಮಾನದಲ್ಲಿ ಎಲೆಕ್ಟ್ರಾನಿಕ್ಸ್ ಕಿಟ್ ತರಿಸಿದ್ದ ಆರ್.ಟಿ. ನಗರದ ನಮ್ಮ ವಿದ್ಯಾರ್ಥಿಯೊಬ್ಬ, ಕೊರಿಯರ್‌ನವರು ಕಳಿಸಿದ ಬಿಲ್ಲಿನ ಸ್ಕ್ರೀನ್‌ಶಾಟ್ ತೋರಿಸಿ, "ಸರ್, ಈ ಲೆಕ್ಕ ಸರಿ ಇದೆಯಾ?" ಎಂದು ಕೇಳಿದ. ಅದರಲ್ಲಿ ಇದ್ದದ್ದು ಇಷ್ಟು: ವಸ್ತುವಿನ ಬೆಲೆ ₹4,000, ಸಾಗಣೆ ₹1,500, ಸುಂಕ ₹1,718, ಕೊರಿಯರ್ ಸೇವಾ ಶುಲ್ಕ ಜಿಎಸ್‌ಟಿ ಸೇರಿ ₹708, ಈಗ ಕೊಡಬೇಕಾದದ್ದು ₹2,426.

ಬೆಲೆ ಮತ್ತು ಸಾಗಣೆ ವೆಚ್ಚವನ್ನು ಆತ ಮಾರಾಟಗಾರರಿಗೆ ಮೊದಲೇ ಕೊಟ್ಟಿದ್ದ. ಆದ್ದರಿಂದ ಅವು ಈಗಿನ ಮೊತ್ತದಲ್ಲಿ ಮತ್ತೆ ಸೇರಬಾರದು, ಸೇರಿಯೂ ಇರಲಿಲ್ಲ. ಆದರೆ ಸುಂಕ ಹಾಕುವಾಗ ಕಸ್ಟಮ್ಸ್ ಬರೀ ಬೆಲೆಯನ್ನು ನೋಡುವುದಿಲ್ಲ. ಅದಕ್ಕೆ ಸಾಗಣೆ ಮತ್ತು ವಿಮೆಯನ್ನು ಸೇರಿಸಿ ಬಂದ ಮೌಲ್ಯದ ಮೇಲೆ ಸುಂಕ ಹಾಕುತ್ತದೆ. ನಾವು ಪರೀಕ್ಷಿಸಬೇಕಾದದ್ದು ಈ ಮೌಲ್ಯವನ್ನೇ.

2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ 10ನೇ ನಿಯಮದಂತೆ, ವಿಮಾನದಲ್ಲಿ ಬಂದ ವಸ್ತುವಿಗೆ ಸಾಗಣೆ ವೆಚ್ಚ ಎಷ್ಟೇ ಆಗಿದ್ದರೂ ಮೌಲ್ಯಕ್ಕೆ ಸೇರಿಸುವುದು ವಸ್ತುವಿನ ಬೆಲೆಯ ಶೇ. 20ನ್ನು ಮೀರಬಾರದು. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ಬೆಲೆಯ ಶೇ. 1.125 ಸೇರಿಸುತ್ತಾರೆ. ಇಲ್ಲಿ ಸಾಗಣೆಗೆ ₹800, ವಿಮೆಗೆ ₹45. ಒಟ್ಟು ಮೌಲ್ಯ ₹4,845.

ಬಿಲ್ಲಿನಲ್ಲಿ ಮೂಲ ಸುಂಕ ಶೇ. 10, ಆ ಸುಂಕದ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ ಶೇ. 10, ಐಜಿಎಸ್‌ಟಿ ಶೇ. 18 ಎಂದು ಕಾಣಿಸಿದ್ದರು. ಮೂಲ ಸುಂಕ ₹484.50, ಸರ್ಚಾರ್ಜ್ ₹48.45. ಐಜಿಎಸ್‌ಟಿಯನ್ನು ಮೌಲ್ಯಕ್ಕೆ ಈ ಎರಡನ್ನೂ ಕೂಡಿಸಿದ ₹5,377.95ರ ಮೇಲೆ ಹಾಕಬೇಕು, ಅದು ₹968.03. ಮೂರೂ ಕೂಡಿದರೆ ಸುಮಾರು ₹1,501.

ಹಾಗಾದರೆ ₹1,718 ಎಲ್ಲಿಂದ ಬಂತು? ಸಾಗಣೆಯ ಪೂರ್ತಿ ₹1,500 ಸೇರಿಸಿ ಮೌಲ್ಯವನ್ನು ₹5,545 ಎಂದು ಹಿಡಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಅಂದರೆ ಮಿತಿಯನ್ನು ಅನ್ವಯಿಸಿಲ್ಲ. ಕೂಡುವ ಲೆಕ್ಕದಲ್ಲಿ ತಪ್ಪಿಲ್ಲದ ಬಿಲ್ಲಿನಲ್ಲೂ ₹217 ಹೆಚ್ಚಾಗಿತ್ತು. ಸರಿಯಾದ ಮೊತ್ತ ₹1,501 ಮತ್ತು ₹708 ಸೇರಿ ₹2,209.

ಆದರೆ ಸ್ಕ್ರೀನ್‌ಶಾಟ್ ನೋಡಿಯೇ ಹಣ ಯಾರ ಬಳಿ ಹೆಚ್ಚಾಯಿತೆಂದು ಹೇಳಲಾಗದು. ಅದಕ್ಕೆ ಕಸ್ಟಮ್ಸ್‌ಗೆ ಸಲ್ಲಿಸಿದ ಬಿಲ್ ಆಫ್ ಎಂಟ್ರಿಯ ಪ್ರತಿ ಬೇಕು. ಅದರಲ್ಲಿ ಮೌಲ್ಯ ₹4,845 ಎಂದಿದ್ದರೆ ಸರ್ಕಾರಕ್ಕೆ ಕಟ್ಟಿದ್ದಕ್ಕಿಂತ ಹೆಚ್ಚು ಕೇಳಿದ್ದು ಕೊರಿಯರ್. ₹5,545 ಎಂದಿದ್ದರೆ ಸುಂಕದ ಲೆಕ್ಕವನ್ನೇ ತಿದ್ದಿಸಬೇಕು. ಡಾಲರ್ ಬೆಲೆಯಾದರೆ ಕಸ್ಟಮ್ಸ್ ಪ್ರಕಟಿಸಿದ ವಿನಿಮಯ ದರವನ್ನೇ ಬಳಸಿ. ಬ್ಯಾಂಕಿನ ದರದಿಂದ ಲೆಕ್ಕ ಹಾಕಿದರೆ ಕೆಲವು ರೂಪಾಯಿಗಳ ವ್ಯತ್ಯಾಸ ಬರುವುದು ಸಹಜ, ಅದು ತಪ್ಪಲ್ಲ.